ಕೆಂಪಾಗಿ ಕಾಣುವ ಭತ್ತ

ಭದ್ರಾ ಅಚ್ಚುಕಟ್ಟಿನ ಮಾರ್ಚ್ ತಿಂಗಳ ಉಪಗ್ರಹ ಚಿತ್ರವೊಂದನ್ನು ಮೊದಲ ಸಲ ನೋಡಿದವರಿಗೆ ಊರಿಗೆ ಬೆಂಕಿ ಬಿದ್ದಿದೆಯೇನೋ ಎನಿಸಬಹುದು. ಲಕ್ಕವಳ್ಳಿಯ ಅಣೆಕಟ್ಟಿನ ಹಿಂದಿನ ನೀರು ಕಪ್ಪಾಗಿದೆ, ಅದರ ಸುತ್ತಲಿನ ಕಾಡು ಕಂದುಗೆಂಪಾಗಿದೆ. ಅಲ್ಲಿಂದ ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಕಡೆಗೆ ನಾಲೆಗಳು ಹೋದಲ್ಲೆಲ್ಲ ನೆಲ ಕೆಂಪೋ ಕೆಂಪು. ನಾಲೆಯ ನೀರು ಮುಟ್ಟದ ಕಡೆ ಮಾತ್ರ ಬೂದು ಮತ್ತು ಮಾಸಲು ಹಸಿರು. ನೆಲದ ಮೇಲೆ ನಿಂತವರಿಗೆ ಇದು ತಲೆಕೆಳಗು. ಆ ಕೆಂಪೇ ಬೇಸಿಗೆ ಭತ್ತ, ಕಬ್ಬು, ಅಡಿಕೆ, ತೆಂಗು. ಆ ಮಾಸಲು ಹಸಿರೇ ಬೆಳೆಯಿಲ್ಲದ ಬರಡು ಹೊಲ.

ಇಂಥ ಚಿತ್ರಕ್ಕೆ ಹುಸಿಬಣ್ಣದ ಚಿತ್ರ ಎನ್ನುತ್ತಾರೆ. ಬೆಳೆ ಸಮೀಕ್ಷೆ, ಬರ ಪರಿಹಾರ, ಬೆಳೆ ವಿಮೆಯ ಮಾತು ಬಂದಾಗಲೆಲ್ಲ ಇದರ ಪ್ರಸ್ತಾಪ ಬರುತ್ತದೆ. ಇಂದು ಇದನ್ನು ಯಾರು ಬೇಕಾದರೂ ಕಾಸು ಕೊಡದೆ ತೆರೆದು ನೋಡಬಹುದು. ಆದರೆ ಕೆಂಪು ಎಂದರೆ ಒಳ್ಳೆಯ ಬೆಳೆ, ಕೆಂಪಿಲ್ಲವೆಂದರೆ ಕೆಟ್ಟ ಬೆಳೆ ಎಂದು ಓದಿಬಿಟ್ಟರೆ ಎಡವುವುದು ಖಚಿತ. ಹೇಗೆ ಎಡವುತ್ತೇವೆ ಎಂಬುದನ್ನು ಭದ್ರಾ ನಾಲೆಯ ಮೇಲ್ಭಾಗದ ಒಂದು ಗದ್ದೆ, ಕೊನೆಭಾಗದ ಒಂದು ಗದ್ದೆ ಇಟ್ಟುಕೊಂಡು ನೋಡೋಣ. ಅದಕ್ಕೆ ಮುಂಚೆ ಎಲೆಯನ್ನು ಕೇಳಬೇಕು.

ಎಲೆ ಬಿಸಾಡುವ ಬೆಳಕು

ಸೂರ್ಯನ ಬೆಳಕಿನಲ್ಲಿ ನೀಲಿ ಮತ್ತು ಕೆಂಪು ಭಾಗಗಳನ್ನು ಎಲೆಯ ಪತ್ರಹರಿತ್ತು ಹೀರಿಕೊಂಡು ಅಡುಗೆಗೆ ಬಳಸುತ್ತದೆ. ಹಸಿರನ್ನು ಅಷ್ಟಾಗಿ ಹೀರುವುದಿಲ್ಲ, ಹತ್ತರಲ್ಲಿ ಒಂದು ಪಾಲಿನಷ್ಟು ಹಿಂದಕ್ಕೆ ಬರುತ್ತದೆ. ನಮ್ಮ ಕಣ್ಣಿಗೆ ಎಲೆ ಹಸಿರಾಗಿ ಕಾಣಲು ಅಷ್ಟು ಸಾಕು. ಕೆಂಪಿನ ಆಚೆಗೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿದೆ. ಎಲೆಗೆ ಅದರಿಂದ ಅಡುಗೆಯಾಗುವುದಿಲ್ಲ. ಎಲೆಯೊಳಗೆ ನೀರು ತುಂಬಿದ ಜೀವಕೋಶಗಳೂ ಅವುಗಳ ನಡುವೆ ಗಾಳಿಯ ಸಂದುಗಳೂ ಇವೆ. ಅವಕೆಂಪು ಬೆಳಕು ಆ ಗೋಡೆಗಳಿಗೆ ಬಡಿದು ಚದುರಿ, ಹೆಚ್ಚುಕಡಿಮೆ ಅರ್ಧದಷ್ಟು ಮೇಲಕ್ಕೇ ಮರಳುತ್ತದೆ. ದಟ್ಟವಾಗಿ ಬೆಳೆದ ಭತ್ತದ ಗದ್ದೆ ಕೆಂಪು ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನಷ್ಟೇ ಹಿಂದಿರುಗಿಸಿದರೆ, ಅವಕೆಂಪಿನಲ್ಲಿ ನಲವತ್ತರಷ್ಟನ್ನು ಹಿಂದಿರುಗಿಸುತ್ತದೆ.

ಗಿಡ ಸೊರಗಿದಾಗ ಈ ಎರಡೂ ಅಂಕಿಗಳು ಒಂದರ ಕಡೆಗೊಂದು ಸರಿಯುತ್ತವೆ. ಪತ್ರಹರಿತ್ತು ಕಡಿಮೆಯಾದರೆ ಕೆಂಪು ಹೆಚ್ಚು ಮರಳುತ್ತದೆ. ಎಲೆ ಕಡಿಮೆಯಾದರೆ, ಮುರುಟಿದರೆ, ಅವಕೆಂಪು ಕಡಿಮೆ ಮರಳುತ್ತದೆ. ಒಣ ಮಣ್ಣಿನಲ್ಲಿ ಇವೆರಡರ ಅಂತರ ಸಣ್ಣದು. ತಿಳಿನೀರು ಅವಕೆಂಪನ್ನು ಪೂರ್ತಿ ನುಂಗಿಬಿಡುತ್ತದೆ. ಬೆಳೆ, ಮಣ್ಣು, ನೀರು ಮೂರನ್ನೂ ಬೇರ್ಪಡಿಸುವುದು ಹಸಿರು ಬಣ್ಣವಲ್ಲ, ಕೆಂಪು ಮತ್ತು ಅವಕೆಂಪಿನ ನಡುವಿನ ಈ ಅಂತರ.

ಕೆಂಪನ್ನೇ ಏಕೆ ಆರಿಸಿದರು?

ಕಾಣದ ಬೆಳಕನ್ನು ಪರದೆಯ ಮೇಲೆ ತೋರಿಸಬೇಕಾದರೆ ಕಾಣುವ ಬಣ್ಣವೊಂದನ್ನು ಅದಕ್ಕೆ ಬಿಟ್ಟುಕೊಡಬೇಕು. ಪರದೆಗಿರುವುದು ಕೆಂಪು, ಹಸಿರು, ನೀಲಿ ಎಂಬ ಮೂರೇ ಮೂಲಬಣ್ಣ. ಹಾಗಾಗಿ ಎಲ್ಲವನ್ನೂ ಒಂದೊಂದು ಮೆಟ್ಟಿಲು ಸರಿಸುತ್ತಾರೆ: ಅವಕೆಂಪಿನ ಅಳತೆಗೆ ಪರದೆಯ ಕೆಂಪು, ಕೆಂಪಿನ ಅಳತೆಗೆ ಪರದೆಯ ಹಸಿರು, ಹಸಿರಿನ ಅಳತೆಗೆ ಪರದೆಯ ನೀಲಿ. ನಿಜವಾದ ನೀಲಿಗೆ ಜಾಗವಿಲ್ಲ.

ಈ ಏರ್ಪಾಡು ಉಪಗ್ರಹಗಳಿಗಿಂತ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಡಾಕ್ ಕಂಪನಿ ಹೀಗೆ ಬಣ್ಣ ಸರಿಸುವ ಫಿಲ್ಮ್ ತಯಾರಿಸಿತು. ಹಸಿರು ಬಣ್ಣ ಬಳಿದು ಮುಚ್ಚಿಟ್ಟ ಟ್ಯಾಂಕು ಕಣ್ಣಿಗೆ ಪೊದೆಯಂತೆ ಕಂಡರೂ, ಆ ಬಣ್ಣಕ್ಕೆ ಜೀವಂತ ಎಲೆಯಂತೆ ಅವಕೆಂಪನ್ನು ಚದುರಿಸುವ ಶಕ್ತಿ ಇರಲಿಲ್ಲ. ಫಿಲ್ಮಿನಲ್ಲಿ ಕಾಡು ಕೆಂಪಾಗುತ್ತಿತ್ತು, ಟ್ಯಾಂಕು ಕೆಂಪಾಗುತ್ತಿರಲಿಲ್ಲ. ಭಾರತದಲ್ಲಿ ದೂರಸಂವೇದನೆ ಆರಂಭವಾದದ್ದೂ ಇಂಥದೇ ಫಿಲ್ಮಿನಿಂದ. 1970ರಲ್ಲಿ ಪಿ. ಆರ್. ಪಿಶಾರೋಟಿಯವರ ತಂಡ ಹೆಲಿಕಾಪ್ಟರಿನಿಂದ ಕೇರಳದ ತೆಂಗಿನ ತೋಟಗಳ ಅವಕೆಂಪು ಚಿತ್ರ ತೆಗೆದು, ಬೇರು ಸೊರಗು ರೋಗ ಹಿಡಿದ ಮರಗಳನ್ನು ಗುರುತಿಸಲು ಹೊರಟಿತ್ತು. 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಮೇಲೇರಿದಾಗಲೂ ಬಣ್ಣದ ಈ ಪದ್ಧತಿಯೇ ಮುಂದುವರಿಯಿತು.

ಭಾರತದ ಚಿತ್ರಗಳ ಮಟ್ಟಿಗೆ ಇನ್ನೊಂದು ಕಾರಣವಿದೆ. 1995ರ ಐಆರ್‌ಎಸ್-1ಸಿ ಉಪಗ್ರಹದಿಂದ ಮುಂದೆ, ರಿಸೋರ್ಸ್‌ಸ್ಯಾಟ್ ಸರಣಿಯಲ್ಲೂ ಬಳಕೆಯಾದ ಲಿಸ್-3 ಕ್ಯಾಮೆರಾದಲ್ಲಿ ನೀಲಿ ಬೆಳಕನ್ನು ಅಳೆಯುವ ಏರ್ಪಾಡೇ ಇಲ್ಲ. ನೀಲಿ ಬೆಳಕು ಗಾಳಿಯಲ್ಲಿ ಬಹಳ ಚದುರಿ ಚಿತ್ರವನ್ನು ಮಸುಕುಗೊಳಿಸುತ್ತದೆ, ಬೆಳೆ ಗುರುತಿಸಲು ಅದರಿಂದ ಸಿಗುವ ಲಾಭವೂ ಕಡಿಮೆ. ನೀಲಿಯೇ ಇಲ್ಲದ ಮೇಲೆ ಕಣ್ಣು ಕಂಡಂಥ ಚಿತ್ರ ನೇರವಾಗಿ ಆಗುವುದಿಲ್ಲ. ನಮ್ಮ ಇಲಾಖೆಗಳ ಗೋಡೆಯ ಮೇಲಿನ ನಕ್ಷೆಗಳು ಕೆಂಪಾಗಿರುವುದರಲ್ಲಿ ಇದರ ಪಾಲೂ ಇದೆ.

ಈ ಕೀಲಿ ಕೈಯಲ್ಲಿದ್ದರೆ ಉಳಿದ ಬಣ್ಣಗಳೂ ಬಿಚ್ಚಿಕೊಳ್ಳುತ್ತವೆ. ತಿಳಿನೀರಿನ ಕೆರೆ ಕಪ್ಪು, ಕೆಸರು ನೀರು ತಿಳಿನೀಲಿ. ಊರು, ರಸ್ತೆ ನೀಲಿಬೂದು. ಕೆಂಪು ಮಣ್ಣಿನ ಖಾಲಿ ಹೊಲ ನಿಜವಾದ ಕೆಂಪನ್ನು ಹೆಚ್ಚಾಗಿ ಮರಳಿಸುವುದರಿಂದ, ಅದಕ್ಕೆ ಕೊಟ್ಟ ಪರದೆಯ ಹಸಿರು ಸೇರಿ ಹಳದಿಹಸಿರಿಗೆ ತಿರುಗುತ್ತದೆ. ಕೆರೆಯೊಂದು ಕಪ್ಪಾಗಿರುವ ಬದಲು ಅಂಚಿನಲ್ಲಿ ಕಡುಗೆಂಪಾಗಿದ್ದರೆ ಅಲ್ಲಿ ಬೆಳೆ ಹುಡುಕಬೇಡಿ, ಅದು ನೀರಿನ ಮೇಲೆ ಹಬ್ಬಿದ ಜೊಂಡು, ಕಳೆ. ಗಿಡಕ್ಕೆ ಹೆಸರಿದೆಯೇ, ಅದರಿಂದ ಫಸಲು ಬರುತ್ತದೆಯೇ ಎಂಬುದು ಅವಕೆಂಪಿಗೆ ಗೊತ್ತಿಲ್ಲ.

ಬಣ್ಣದಿಂದ ಅಂಕಿಗೆ

ಕಣ್ಣಿಗೆ ಕಾಣುವ ಕೆಂಪನ್ನು ನೆಚ್ಚುವುದರಲ್ಲಿ ಎರಡು ತೊಡಕುಗಳಿವೆ. ಒಂದು, ಆ ಕೆಂಪು ಎಷ್ಟು ಗಾಢ ಎಂಬುದನ್ನು ಬೆಳೆಯಷ್ಟೇ ಅಲ್ಲ, ಕಂಪ್ಯೂಟರೂ ನಿರ್ಧರಿಸುತ್ತದೆ. ಚಿತ್ರ ಚೆನ್ನಾಗಿ ಕಾಣಲೆಂದು ತಂತ್ರಾಂಶವು ಆ ಚೌಕಟ್ಟಿನ ಅತಿ ಕಪ್ಪು, ಅತಿ ಬಿಳುಪನ್ನು ನೋಡಿಕೊಂಡು ಬಣ್ಣ ಎಳೆಯುತ್ತದೆ. ಚೌಕಟ್ಟನ್ನು ಕಾಡಿನ ಕಡೆಗೆ ಸ್ವಲ್ಪ ಸರಿಸಿದರೆ ಅದೇ ಗದ್ದೆಯ ಕೆಂಪು ಬದಲಾಗಬಹುದು. ಎರಡು ತಾರೀಖಿನ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಈ ವರ್ಷ ಕೆಂಪು ಕಮ್ಮಿ’ ಎನ್ನುವವರು ಅನೇಕ ಸಲ ಈ ಎಳೆತವನ್ನೇ ಓದುತ್ತಿರುತ್ತಾರೆ. ಎರಡು, ತೆಳು ನೆರಳು ಬಿದ್ದರೂ ಬಿಸಿಲಿನ ಕೋನ ಬದಲಾದರೂ ಕೆಂಪು ಮಂಕಾಗುತ್ತದೆ. ಗಿಡ ಮಾತ್ರ ಹಾಗೇ ಇರುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕ. ಲ್ಯಾಂಡ್‌ಸ್ಯಾಟ್ ಹಾರಿದ ಬೆನ್ನಿಗೇ, 1973-74ರಲ್ಲಿ ಟೆಕ್ಸಸ್‌ನ ಜೆ. ಡಬ್ಲ್ಯು. ರೌಸ್ ಮತ್ತು ಸಂಗಡಿಗರು ಅಮೆರಿಕದ ಹುಲ್ಲುಗಾವಲುಗಳ ಹಸಿರನ್ನು ಅಳೆಯಲು ಇದನ್ನು ಬಳಸಿದರು. ಲೆಕ್ಕ ಪ್ರಾಥಮಿಕ ಶಾಲೆಯದು: ಅವಕೆಂಪಿನಿಂದ ಕೆಂಪನ್ನು ಕಳೆಯಿರಿ, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಅವಕೆಂಪಿನ ಪದರದ ಹೆಸರು `B8`, ಕೆಂಪಿನದು `B4`. ಹಾಗಾಗಿ:

```
NDVI = (B8 - B4) / (B8 + B4)
```

ದಟ್ಟ ಭತ್ತಕ್ಕೆ ಅವಕೆಂಪು 0.40, ಕೆಂಪು 0.04 ಎಂದುಕೊಳ್ಳಿ. ವ್ಯತ್ಯಾಸ 0.36, ಮೊತ್ತ 0.44, ಸೂಚ್ಯಂಕ 0.82. ಈಗ ಅದೇ ಗದ್ದೆಯ ಮೇಲೆ ಬೆಳಕು ಅರ್ಧಕ್ಕೆ ಇಳಿಯಿತು ಎನ್ನೋಣ. ಅವಕೆಂಪು 0.20, ಕೆಂಪು 0.02. ಚಿತ್ರದಲ್ಲಿ ಕೆಂಪು ಕಂದಿದೆ, ಆದರೆ ಲೆಕ್ಕ ಹಾಕಿದರೆ ಮತ್ತೆ 0.82. ಮೊತ್ತದಿಂದ ಭಾಗಿಸುವುದರ ಉದ್ದೇಶವೇ ಇದು. ಒಣ ಮಣ್ಣಿಗೆ 0.28 ಮತ್ತು 0.20 ಇದ್ದರೆ ಸೂಚ್ಯಂಕ 0.17. ನೀರು ನಿಲ್ಲಿಸಿ ಕೆಸರು ಮಾಡಿದ ಗದ್ದೆಗೆ 0.05 ಮತ್ತು 0.06 ಇದ್ದರೆ ಸೊನ್ನೆಗಿಂತ ಕೆಳಗೆ, ಸುಮಾರು -0.09.

ಸೆಂಟಿನೆಲ್-2ರ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್. ಹೀಗಾಗಿ ಗುಂಟೆಗೊಂದು ಅಂಕಿ, ಎಕರೆಗೆ ನಲವತ್ತು ಎಂದು ಲೆಕ್ಕ ಇಟ್ಟುಕೊಳ್ಳಬಹುದು. 23.5 ಮೀಟರಿನ ಲಿಸ್-3 ಪಿಕ್ಸೆಲಿನಲ್ಲಿ ಐದೂವರೆ ಗುಂಟೆ ಒಂದಾಗುತ್ತದೆ. ಬದುವಿನ ಮೇಲೆ ಕೂತ ಪಿಕ್ಸೆಲಿನಲ್ಲಿ ನಿಮ್ಮ ಭತ್ತ, ಪಕ್ಕದವರ ತೆಂಗು, ನಡುವಿನ ದಾರಿ ಎಲ್ಲವೂ ಕಲಸಿರುತ್ತವೆ. ಗದ್ದೆಯ ಅಂಕಿ ಬೇಕಿದ್ದರೆ ಅಂಚಿನ ಪಿಕ್ಸೆಲುಗಳನ್ನು ಬಿಟ್ಟು ಒಳಗಿನವನ್ನಷ್ಟೇ ತೆಗೆದುಕೊಳ್ಳಬೇಕು. ಎರಡು ಮೂರು ಗುಂಟೆಯ ಮಡಿಗೆ ಈ ಅಂಕಿ ನಂಬಿಕೆಗೆ ಬಾರದು.

ಎರಡು ಗದ್ದೆ, ಎರಡು ತಾರೀಖು

ಈಗ ನಾಲೆಗೆ ಬರೋಣ. ಬೇಸಿಗೆ ಬೆಳೆಗೆ ಭದ್ರಾ ನಾಲೆಯಲ್ಲಿ ಸಾಮಾನ್ಯವಾಗಿ ಜನವರಿಯ ಹೊತ್ತಿಗೆ ನೀರು ಬಿಡುತ್ತಾರೆ. ಮೇಲ್ಭಾಗದ ಗದ್ದೆಗಳಿಗೆ ನೀರು ಬೇಗ ಸಿಗುತ್ತದೆ, ಹರಿಹರ, ದಾವಣಗೆರೆ ಕಡೆಯ ಕೊನೆಭಾಗಕ್ಕೆ ತಲಪುವಾಗ ತಡವಾಗುತ್ತದೆ. ಕೆಲವು ವರ್ಷ ಅದೂ ಸಾಕಷ್ಟು ತಲಪುವುದಿಲ್ಲ ಎಂಬುದು ಅಲ್ಲಿಯ ರೈತರ ಹಳೆಯ ದೂರು.

ಮೇಲ್ಭಾಗದ ಗದ್ದೆ ಜನವರಿ 20ರಂದು ನಾಟಿಯಾಯಿತು, ಕೊನೆಭಾಗದ ಗದ್ದೆ ಫೆಬ್ರವರಿ 14ರಂದು ಎಂದುಕೊಳ್ಳಿ. ಇಲ್ಲಿನ ಅಂಕಿಗಳು ಲೆಕ್ಕ ತೋರಿಸಲು ಆರಿಸಿದವು, ಆದರೆ ಭತ್ತದ ಗದ್ದೆಗಳಲ್ಲಿ ಸಿಗುವಂಥವೇ. ಮಾರ್ಚ್ 21ರ ಚಿತ್ರದಲ್ಲಿ ಮೇಲ್ಭಾಗದ ಗದ್ದೆ ಕಡುಗೆಂಪು, ಸೂಚ್ಯಂಕ 0.82. ಕೊನೆಭಾಗದ್ದು ತಿಳಿಗುಲಾಬಿ. ಅದರ ಅವಕೆಂಪು 0.28, ಕೆಂಪು 0.08, ಸೂಚ್ಯಂಕ 0.56. ಈ ಒಂದು ಚಿತ್ರವನ್ನು ಹಿಡಿದುಕೊಂಡವರು ಕೊನೆಭಾಗದಲ್ಲಿ ಬೆಳೆ ಸೋತಿದೆ ಎಂದು ವರದಿ ಬರೆದಾರು. ಆದರೆ ಆ ದಿನ ಮೇಲ್ಭಾಗದ ಪೈರಿಗೆ ನಾಟಿಯಾಗಿ 60 ದಿನ, ಕೊನೆಭಾಗದ್ದಕ್ಕೆ 35 ದಿನ. ಒಂದು ಹೊಡೆಗೆ ಬರುವ ಹೊತ್ತಿನಲ್ಲಿದೆ, ಇನ್ನೊಂದು ಇನ್ನೂ ತೆಂಡೆ ಒಡೆಯುತ್ತಿದೆ, ಸಾಲುಗಳ ನಡುವೆ ನೀರು ಕಾಣುತ್ತಿದೆ. ಸೂಚ್ಯಂಕ ಕಡಿಮೆ ಇರುವುದು ಸಹಜ.

ಈಗ ಏಪ್ರಿಲ್ 15ರ ಚಿತ್ರ. ಮೇಲ್ಭಾಗದ ಗದ್ದೆಯ ಅವಕೆಂಪು 0.34, ಕೆಂಪು 0.08, ಸೂಚ್ಯಂಕ 0.62. ಕೊನೆಭಾಗದ್ದು 0.30 ಮತ್ತು 0.07, ಸೂಚ್ಯಂಕ ಅದೂ 0.62. ಪರದೆಯ ಮೇಲೆ ಎರಡೂ ಒಂದೇ ಗುಲಾಬಿ. ಈ ಒಂದು ಚಿತ್ರವನ್ನಷ್ಟೇ ನೋಡಿದವರು ಎರಡೂ ಸಮಸಮ ಎಂದಾರು. ಅದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಮೇಲ್ಭಾಗದ ಪೈರಿಗೆ ಈಗ 85 ದಿನ, ತೆನೆ ಹೊರಟು ಕಾಳು ಕಟ್ಟಿ ಎಲೆ ಹಳದಿಗೆ ತಿರುಗುತ್ತಿದೆ. ಅದರ ಇಳಿತ ಮಾಗುವಿಕೆಯ ಇಳಿತ. ಕೊನೆಭಾಗದ್ದಕ್ಕೆ ಇವತ್ತು ಸರಿಯಾಗಿ 60 ದಿನ. ಈ ವಯಸ್ಸಿನಲ್ಲಿ ಮೇಲ್ಭಾಗದ ಪೈರು 0.82 ಮುಟ್ಟಿತ್ತು, ಇದು 0.62ಕ್ಕೇ ನಿಂತಿದೆ. ಇಲ್ಲಿ ನಿಜಕ್ಕೂ ಕೊರತೆಯಿದೆ. ಬದಲಿಗೆ ಇದು 0.80 ತೋರಿಸಿದ್ದರೆ, ಬೆಳೆ ತಡವಾಗಿದೆ ಅಷ್ಟೆ, ಸೊರಗಿಲ್ಲ ಎಂದು ಹೇಳಬಹುದಿತ್ತು.

ಹೋಲಿಸಬೇಕಾದದ್ದು ತಾರೀಖಿಗೆ ತಾರೀಖನ್ನಲ್ಲ, ವಯಸ್ಸಿಗೆ ವಯಸ್ಸನ್ನು. ನಾಟಿಯ ದಿನ ಗೊತ್ತಿಲ್ಲದಿದ್ದರೆ ಅದನ್ನೂ ಚಿತ್ರದಿಂದಲೇ ಅಂದಾಜಿಸಬಹುದು. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟುತ್ತಾರಲ್ಲ, ಆಗ ಅದು ಬೂದಿನಿಂದ ಕಪ್ಪಿಗೆ ತಿರುಗುತ್ತದೆ, ಸೂಚ್ಯಂಕ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಎರಡು ಸೆಂಟಿನೆಲ್-2 ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ಕೊಡುವುದರಿಂದ, ಮೋಡವಿಲ್ಲದ ಬೇಸಿಗೆಯಲ್ಲಿ ಗದ್ದೆ ಕಪ್ಪಾದ ವಾರವನ್ನು ಹುಡುಕುವುದು ಕಷ್ಟವಲ್ಲ.

ಇದೇ ಸರಣಿ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಮಾರ್ಚಿನಲ್ಲಿ ಭತ್ತ, ಅಡಿಕೆ ಎರಡೂ ಕೆಂಪು. ಆದರೆ ಭತ್ತ ಜನವರಿಯಲ್ಲಿ ಕಪ್ಪಾಗಿ, ಮಾರ್ಚಿನಲ್ಲಿ ಕೆಂಪಾಗಿ, ಮೇ ಕೊನೆಗೆ ಕೂಳೆ ಉಳಿದ ಬೂದಾಗುತ್ತದೆ. ಅಡಿಕೆ ತೋಟ ಜನವರಿಯಲ್ಲೂ ಕೆಂಪು, ಮೇ ತಿಂಗಳಲ್ಲೂ ಕೆಂಪು. ಗದ್ದೆಗಳು ತೋಟಗಳಾಗಿ ಬದಲಾಗುತ್ತಿರುವ ಈ ಅಚ್ಚುಕಟ್ಟಿನಲ್ಲಿ ಅವೆರಡನ್ನು ಬೇರ್ಪಡಿಸಲು ಒಂದೇ ಚಿತ್ರ ಸಾಲದು.

ಇದೇ ಭದ್ರಾ ಅಚ್ಚುಕಟ್ಟು ಈ ವಿದ್ಯೆಯ ಪ್ರಯೋಗಶಾಲೆಯೂ ಆಗಿತ್ತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯ ಎಸ್. ತಿರುವೆಂಗಡಾಚಾರಿ, ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆಯ ಆರ್. ಶಕ್ತಿವಡಿವೇಲ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಒಂದು ಲಕ್ಷ ಹೆಕ್ಟೇರಿನ ಈ ಅಚ್ಚುಕಟ್ಟಿನ ಬೇಸಿಗೆ ಭತ್ತವನ್ನು ಉಪಗ್ರಹದ ಅಳತೆಗಳಿಂದ ಪರಿಶೀಲಿಸಲಾಯಿತು. ಅವರೂ ತೆನೆ ಹೊರಡುವ ಹಂತದ ಸೂಚ್ಯಂಕವನ್ನೇ ಆರಿಸಿಕೊಂಡರು. ಅದನ್ನು ಬೆಳೆ ಕಟಾವು ಪ್ರಯೋಗಗಳಲ್ಲಿ ನೆಲದ ಮೇಲೆ ತೂಗಿದ ಇಳುವರಿಯೊಂದಿಗೆ ಹೊಂದಿಸಿದರು. ಹೀಗೆ ನಾಲೆಯ ಯಾವ ಭಾಗದಲ್ಲಿ ಇಳುವರಿ ಎಷ್ಟು ಎಂದು ನಕ್ಷೆಯ ಮೇಲೆ ಗುರುತಿಸಲು ಸಾಧ್ಯವಾಯಿತು. ಇಲ್ಲಿ ಗಮನಿಸಬೇಕಾದದ್ದು ಕಟಾವಿನ ತೂಕ. ಅದಿಲ್ಲದೆ 0.82ನ್ನು ಕ್ವಿಂಟಾಲಿಗೆ ಪರಿವರ್ತಿಸುವ ಸೂತ್ರ ಯಾವ ಉಪಗ್ರಹದಲ್ಲೂ ಇಲ್ಲ.

ಅಂಕಿಯೂ ಸುಳ್ಳಾಡುವ ಕಡೆ

ಎನ್‌ಡಿವಿಐ ಒಂದು ಹಂತದ ನಂತರ ಕುರುಡಾಗುತ್ತದೆ. ಎಲೆಗಳು ನೆಲವನ್ನು ಪೂರ್ತಿ ಮುಚ್ಚಿದ ಮೇಲೆ ಇನ್ನಷ್ಟು ಎಲೆ ಸೇರಿದರೂ ಕೆಂಪು ಬೆಳಕು ಇನ್ನು ಇಳಿಯಲು ಜಾಗವಿಲ್ಲ. ಸೂಚ್ಯಂಕ 0.8ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಒಳ್ಳೆಯ ಗದ್ದೆಗೂ, ಯೂರಿಯಾ ಹೆಚ್ಚಾಗಿ ಸೊಕ್ಕಿ ಮುಂದೆ ಮಲಗಲಿರುವ ಗದ್ದೆಗೂ ಅಲ್ಲಿ ವ್ಯತ್ಯಾಸ ಕಾಣದು. ಕಡಿಮೆ ಅಂಕಿಯೂ ಕಾರಣ ಹೇಳುವುದಿಲ್ಲ. 0.62 ಎಂಬುದು ನೀರಿನ ಕೊರತೆಯೋ, ಸತುವಿನ ಕೊರತೆಯೋ, ಚೌಳು ನೆಲವೋ, ಕೀಟವೋ ಎಂದು ತಿಳಿಯಲು ಗದ್ದೆಗೆ ಇಳಿಯಲೇಬೇಕು.

ಮೋಡ ಇನ್ನೊಂದು ಕಾಟ. ದಟ್ಟ ಮೋಡ ಬಿಳಿಯಾಗಿ ಕಾಣುವುದರಿಂದ ಸಿಕ್ಕಿಬೀಳುತ್ತದೆ. ತೆಳುಮೋಡ, ಮಂಜು ಕಣ್ಣಿಗೆ ಬೀಳದೆ ಸೂಚ್ಯಂಕವನ್ನು ಇಳಿಸುತ್ತವೆ. ಐದು ದಿನದ ಹಿಂದೆ 0.80 ಇದ್ದ ಗದ್ದೆ ಇಂದು 0.60, ಮುಂದಿನ ಚಿತ್ರದಲ್ಲಿ ಮತ್ತೆ 0.81 ಎಂದರೆ ರೋಗ ಬಂದು ವಾಸಿಯಾದದ್ದಲ್ಲ, ನಡುವೆ ಆಕಾಶ ಅಡ್ಡಬಂದದ್ದು. ಮಳೆಗಾಲದ ಬೆಳೆಯಲ್ಲಿ ವಾರಗಟ್ಟಲೆ ಚಿತ್ರವೇ ಸಿಗದಿರುವುದೂ ಉಂಟು. ಆಗ ಮೋಡವನ್ನು ತೂರಿ ಬರುವ ರೇಡಾರ್ ಉಪಗ್ರಹಗಳ ಮೊರೆ ಹೋಗುತ್ತಾರೆ.

ಸೆಂಟಿನೆಲ್-2ರ ಕಡತ ಇಳಿಸಿಕೊಂಡು ಸ್ವತಃ ಲೆಕ್ಕ ಹಾಕುವವರಿಗೆ ಒಂದು ಹೊಂಡವಿದೆ. 2022ರ ಜನವರಿ 25ರಿಂದ ಈಚಿನ ಕಡತಗಳಲ್ಲಿ ಪ್ರತಿ ಪಿಕ್ಸೆಲಿನ ಅಂಕಿಗೆ 1000 ಸೇರಿಸಿರುತ್ತಾರೆ. ಅದನ್ನು ಕಳೆದು 10000ದಿಂದ ಭಾಗಿಸಬೇಕು. ಕಳೆಯಲು ಮರೆತರೆ ನಮ್ಮ 0.40 ಮತ್ತು 0.04 ಎಂಬುವು 0.50 ಮತ್ತು 0.14 ಆಗಿ, ಸೂಚ್ಯಂಕ 0.82ರಿಂದ 0.56ಕ್ಕೆ ಬೀಳುತ್ತದೆ. 2021ರ ಬೆಳೆಯ ಜೊತೆ ಹೋಲಿಸಿದರೆ ಇಡೀ ಅಚ್ಚುಕಟ್ಟಿನಲ್ಲೇ ಬರ ಬಂದಂತೆ ತೋರುತ್ತದೆ. ಬೆಳೆ, ಕಾಡು, ತೋಟ ಎಲ್ಲವೂ ಒಟ್ಟಿಗೆ ಕುಸಿದಿದ್ದರೆ ಮೊದಲು ಲೆಕ್ಕವನ್ನು ಅನುಮಾನಿಸಿ.

ಲೆಕ್ಕದ ಗೊಡವೆ ಬೇಡವೆನ್ನುವವರಿಗೆ ಕೋಪರ್ನಿಕಸ್ ಬ್ರೌಸರ್ ಎಂಬ ಉಚಿತ ತಾಣದಲ್ಲಿ `False Color` ಮತ್ತು `NDVI` ಎಂಬ ಎರಡು ಪದರಗಳು ಸಿದ್ಧವಾಗಿಯೇ ಸಿಗುತ್ತವೆ. ಹತ್ತಿರದಲ್ಲೇ ಇರುವ `False Color (Urban)` ಬೇರೆಯದು. ಅದರಲ್ಲಿ ಬೇರೆ ಬೆಳಕುಗಳನ್ನು ಜೋಡಿಸಿರುವುದರಿಂದ ಗಿಡಗಳು ಹಸಿರಾಗಿಯೇ ಕಾಣುತ್ತವೆ. ನಿಮ್ಮ ಗದ್ದೆಯನ್ನು ಹುಡುಕಿ, ನೀರು ಕಟ್ಟಿ ಕಪ್ಪಾದ ದಿನವನ್ನು ಗುರುತು ಹಾಕಿಕೊಂಡು, ಅಲ್ಲಿಂದ 60 ದಿನಕ್ಕೆ ಹತ್ತಿರದ, ಮೋಡವಿಲ್ಲದ ಚಿತ್ರದ ಅಂಕಿಯನ್ನು ಬರೆದಿಡಿ. ಹಿಂದಿನ ಮೂರು ನಾಲ್ಕು ಬೇಸಿಗೆಗಳಿಗೂ ಹೀಗೆಯೇ ಮಾಡಿ, ಪ್ರತಿ ವರ್ಷ ಚೀಲ ಎಷ್ಟಾಯಿತು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಆ ಪಟ್ಟಿಯಲ್ಲಿ ಅಂಕಿ ಇಳಿದ ವರ್ಷ ಚೀಲವೂ ಇಳಿದಿದ್ದರೆ, ಮುಂದಿನ ಸಲ ಸೂಚ್ಯಂಕ ಕುಸಿದಾಗ ಕೊಯ್ಲಿಗೆ ತಿಂಗಳಿಗೂ ಮೊದಲೇ ಗದ್ದೆಗೆ ಇಳಿದು ಕಾರಣ ಹುಡುಕಲು ನಿಮ್ಮ ಕೈಯಲ್ಲಿ ಆಧಾರವಿರುತ್ತದೆ. ಎರಡಕ್ಕೂ ತಾಳೆಯೇ ಆಗದಿದ್ದರೆ ನಿಮ್ಮ ಗದ್ದೆಯ ಮಟ್ಟಿಗೆ ಆ ಕೆಂಪನ್ನು ನೆಚ್ಚುವಂತಿಲ್ಲ ಎಂಬುದಾದರೂ ತಿಳಿಯುತ್ತದೆ.